ಬಾಣ ಹೊರಡುವ ಜಾಗ

ನನ್ನ ಅಕ್ಕ ಚಿಂತಾಮಣಿಯ ಒಂದು ಖಾಸಗಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಲೆಕ್ಚರರ್ ಆಗಿದ್ದಳು. ನಾನು ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ಕನ್ನಡ ಮೇಡಂ. ಇಬ್ಬರೂ ಚಿಂತಾಮಣಿಯಲ್ಲೇ ಬಾಡಿಗೆ ಮನೆ ಮಾಡಿಕೊಂಡಿದ್ದೆವು. ಕಾಲೇಜಿಗೆ ಪ್ರೊಜೆಕ್ಟರ್ ಬಂದ ವರ್ಷ, ಆರ್ಗ್ಯಾನಿಕ್ ಕೆಮಿಸ್ಟ್ರಿಯ ಸ್ಲೈಡುಗಳನ್ನು ಅಕ್ಕ ತಾನೇ ಕೂತು ಮಾಡಿದ್ದಳು.

ಮರುವರ್ಷವೇ ಅವಳು ಎಷ್ಟು ದಿಟ್ಟಿಸಿ ನೋಡಿದರೂ ನೋಡಿದ ಜಾಗವೇ ಮಸುಕಾಗತೊಡಗಿತು. ಸುತ್ತಲಿನ ಅಂಚು ಕಾಣುತ್ತಿತ್ತು, ನಡುವೆ ಬೂದಿ ಎರಚಿದ ಹಾಗೆ. ಬೆಂಗಳೂರಿನ ಡಾಕ್ಟರು ರೆಟಿನಾದ ನಡುಭಾಗ ಸವೆಯುತ್ತಿದೆ, ಕನ್ನಡಕದಿಂದ ಉಪಯೋಗವಿಲ್ಲ ಎಂದರು. ಮನೆಗೆ ಬಂದಮೇಲೆ ಅಕ್ಕ ಸ್ಲೈಡುಗಳ ಪ್ರಿಂಟ್ ತೆಗೆದು ನನ್ನ ಮುಂದಿಟ್ಟಳು.

"ನೀನು ನೋಡಿ ಹೇಳ್ತಾ ಹೋಗೆ. ಬಾಯಲ್ಲೇ ಪಾಠ ಮಾಡೋ ಹಂಗೆ ಬರ್ಕೊಳ್ಳಣ. ಹುಡುಗ್ರು ಚಿತ್ರದಲ್ಲಿರೋ ಬಾಣ ಉರು ಹೊಡೀತಾರೆ, ಅದು ತೋರ್ಸೋ ಎಲೆಕ್ಟ್ರಾನ್ ಎಲ್ಲಿಂದ ಎಲ್ಲಿಗೆ ಹೋಯ್ತು ಅನ್ನೋದು ಒಬ್ರಿಗೂ ಗೊತ್ತಿರಲ್ಲ."

ನನಗೂ ಗೊತ್ತಿರಲಿಲ್ಲ. "ಇಲ್ಲೊಂದು ಡೊಂಕು ಬಾಣ ಇದೆ" ಎಂದೆ.

"ಎಕ್ಕಡ್ನಿಂಚಿ?" ಅಂದಳು. ಅಮ್ಮನ ಜೊತೆ ಮನೆಯಲ್ಲಿ ಆಡುತ್ತಿದ್ದ ತೆಲುಗು ಅವಸರದಲ್ಲಿ ಬರುತ್ತಿತ್ತು. "ಎಲ್ಲಿಂದ ಹೊರಟಿದೆ ಅದನ್ನ ಹೇಳು ಮೊದ್ಲು. ಬಾಣ ಹೊರಡೋ ಜಾಗದಲ್ಲಿ ಎಲೆಕ್ಟ್ರಾನ್ ಜೋಡಿ ಇರ್ಲೇಬೇಕು."

ಮೂರು ಮೀಥೈಲ್ ಗುಂಪು ಹೊತ್ತ ಕಾರ್ಬನ್ನಿಗೆ ಬ್ರೋಮಿನ್ ಅಂಟಿರುವ ಚಿತ್ರ ಅದು. ಬಾಣ ಅವೆರಡರ ನಡುವಿನ ಗೆರೆಯಿಂದ ಹೊರಟು ಬ್ರೋಮಿನ್ ಮೇಲೆ ಮುಗಿದಿತ್ತು. ಅವಳು ಹೇಳಿದಳು, ನಾನು ಬರೆದೆ: ಬಂಧದಲ್ಲಿದ್ದ ಎರಡೂ ಎಲೆಕ್ಟ್ರಾನುಗಳನ್ನು ಬ್ರೋಮಿನ್ ಒಯ್ಯುತ್ತದೆ, ಅದು ಋಣ ಆವೇಶದ ಬ್ರೋಮೈಡ್ ಆಗಿ ಬಿಟ್ಟುಹೋಗುತ್ತದೆ, ಕಾರ್ಬನ್ನಿಗೆ ಎಲೆಕ್ಟ್ರಾನ್ ಕೊರತೆಯಾಗಿ ಧನ ಆವೇಶ ಬರುತ್ತದೆ. ಇಡೀ ಕ್ರಿಯೆಯಲ್ಲಿ ಇದೇ ನಿಧಾನದ ಹೆಜ್ಜೆ.

ಮುಂದಿನ ಸ್ಲೈಡಿನಲ್ಲಿ ನೀರು ಬಂದು ಸೇರುವುದಿತ್ತು.

"ಬಾಣ ಕಾರ್ಬನ್ ಮೇಲಿನ ಪ್ಲಸ್‌ನಿಂದ ಹೊರಟು ಆಕ್ಸಿಜನ್‌ಗೆ ಹೋಗಿದೆ ಅಕ್ಕ."

"ಸರಿಯಾಗಿ ನೋಡೇ."

"ಹಂಗೇ ಇದೆ."

ಅವಳು ಹಾಳೆ ಕಿತ್ತುಕೊಂಡು, ಮುಖ ಓರೆ ಮಾಡಿ, ಕಣ್ಣಂಚಿನಿಂದ ಹುಡುಕಿದಳು. ಸಿಕ್ಕಲಿಲ್ಲ. ಹಾಳೆಯನ್ನು ಮಡಿಲಲ್ಲಿಟ್ಟುಕೊಂಡಳು.

"ಪ್ಲಸ್ ಹತ್ರ ಕೊಡೋಕೇನಿದೆ? ಎಲೆಕ್ಟ್ರಾನ್ ಇಲ್ದೇ ಇರೋದಕ್ಕೇ ಅದು ಪ್ಲಸ್. ಕೊಡೋದು ಆಕ್ಸಿಜನ್. ಅದರ ಹತ್ರ ಹಂಚ್ಕೊಳ್ದೆ ಇರೋ ಜೋಡಿ ಎರಡಿದೆ, ಒಂದನ್ನ ಕಾರ್ಬನ್‌ಗೆ ಚಾಚುತ್ತೆ." "ಹೋದ ವರ್ಷ ಇದನ್ನ ಮಾಡುವಾಗ್ಲೇ ಕಣ್ಣು ಹೋಗಿತ್ತು ಕಣೇ. ನಂಗೇ ಗೊತ್ತಾಗ್ಲಿಲ್ಲ. ಒಂದು ಬ್ಯಾಚಿಗೆ ಉಲ್ಟಾ ತೋರ್ಸಿದೀನಿ."

ಡಾಕ್ಟರ ಮುಂದೆ ಅಳದವಳು ಆಗ ಅತ್ತಳು. ನಾನು ಮುಂದಿನ ಚಿತ್ರ ನೋಡಿ, "ಆಮೇಲೆ ಪ್ಲಸ್ಸು ಆಕ್ಸಿಜನ್‌ಗೆ ಯಾಕೆ ಬಂತು ಅಕ್ಕ?" ಎಂದು ಕೇಳಿದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

"ಪೂರ್ತಿ ತನ್ನದಾಗಿದ್ದ ಜೋಡೀನ ಈಗ ಕಾರ್ಬನ್ ಜೊತೆ ಹಂಚ್ಕೊಂಡಿದೆಯಲ್ಲ, ಅದಕ್ಕೆ. ಇನ್ನೊಂದು ನೀರು ಬಂದು ತನ್ನ ಜೋಡಿ ಕೊಟ್ಟು ಅದರ ಒಂದು ಹೈಡ್ರೋಜನ್ನ ಕಿತ್ಕೊಳ್ಳುತ್ತೆ. ಆಗ ಆ ಬಂಧದ ಎಲೆಕ್ಟ್ರಾನು ಆಕ್ಸಿಜನ್‌ಗೆ ವಾಪಸ್. ಪ್ಲಸ್ ಹೋಗುತ್ತೆ, ಆಲ್ಕೋಹಾಲ್ ಉಳಿಯುತ್ತೆ. ಬರಿ."

ಸೋಮವಾರ ನಾನು ರಜೆ ಹಾಕಿ ಜೊತೆಗೆ ಹೋದೆ. ಹಿಂದಿನ ವರ್ಷ ಆ ಪಾಠ ಕೇಳಿದವರು ಆಗ ಕೊನೆಯ ವರ್ಷದಲ್ಲಿದ್ದರು. ಅವರ ಕ್ಲಾಸಿಗೆ ಹೋಗಿ, ಪ್ರೊಜೆಕ್ಟರ್ ಹಾಕಿಸದೆ ನಿಂತು, "ನಾನು ತೋರಿಸಿದ್ದು ತಪ್ಪು, ನನಗೆ ಕಣ್ಣು ಕಾಣ್ತಿರಲಿಲ್ಲ" ಎಂದಳು. ಆಮೇಲೆ ಮೂರು ಹೆಜ್ಜೆಯನ್ನೂ ಬಾಯಲ್ಲೇ ಹೇಳಿದಳು. ಒಂದು ಹುಡುಗಿ ಎದ್ದು, "ಮೇಡಂ, ಈಗ ಅರ್ಥ ಆಯ್ತು" ಎಂದಿತು. ಅಕ್ಕ ಮಾತು ಬಂದ ಕಡೆಗೆ ತಿರುಗಿ ನಕ್ಕಳು. ನಕ್ಕದ್ದು ಪಕ್ಕದ ಖಾಲಿ ಬೆಂಚಿಗೆ.

ಆ ವಿಷಯ ಆಫೀಸಿಗೆ ಮುಟ್ಟಲು ತಡವಾಗಲಿಲ್ಲ. ಲ್ಯಾಬಿನಲ್ಲಿ ಆಸಿಡ್ ಇರುತ್ತೆ ಮೇಡಂ, ಏನಾದ್ರೂ ಆದ್ರೆ ಯಾರು ಹೊಣೆ, ಎಂದರು ಪ್ರಿನ್ಸಿಪಾಲರು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಬೇಸಿಗೆ ರಜೆ ಮುಗಿದ ಮೇಲೆ ಅವಳನ್ನು ಮತ್ತೆ ಕೆಲಸಕ್ಕೆ ಕರೆಯಲಿಲ್ಲ. ಅಷ್ಟರಲ್ಲಿ ನಾವು ಬೆಂಜೀನಿನ ಪಾಠದವರೆಗೂ ಬರೆದು ಮುಗಿಸಿದ್ದೆವು.

ಆ ಹಾಳೆಗಳನ್ನು ಅಕ್ಕನ ಜಾಗಕ್ಕೆ ಬಂದ ಗೌರಿಬಿದನೂರಿನ ಹುಡುಗನಿಗೆ ನಾನೇ ಕೊಟ್ಟು ಬಂದೆ. ಒಳ್ಳೆಯವನು. ಮೊದಮೊದಲು ಸಂಜೆ ಫೋನ್ ಮಾಡಿ ಅನುಮಾನ ಕೇಳುತ್ತಿದ್ದ. ಫೋನ್ ಬರುವ ಹೊತ್ತಿಗೆ ಅಕ್ಕ ತಲೆ ಬಾಚಿಕೊಂಡು ಫೋನಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದಳು. ವರ್ಷ ಕಳೆಯುವುದರೊಳಗೆ ಅವನು ಪಾಠದಲ್ಲಿ ಪಳಗಿದ, ಫೋನು ನಿಂತಿತು.

"ಈಗ ಅವನಿಗೆ ಬರುತ್ತೆ ಅಂತಾಯ್ತು" ಅಂದಳು ಅಕ್ಕ. ಕುರ್ಚಿ ಮಾತ್ರ ಇನ್ನೂ ಬಹಳ ದಿನ ಅಲ್ಲೇ ಇತ್ತು, ನಾನು ಎತ್ತಿಡಲಿಲ್ಲ.