ಜಬೀನ್ ಮೇಡಂ ಬರೆದ ಅಭ್ಯಾಸ ಹಾಳೆ

ಜಬೀನ್ ಸಕಲೇಶಪುರದ ಒಂದು ಖಾಸಗಿ ಕಾಲೇಜಿನಲ್ಲಿ ದ್ವಿತೀಯ ಪಿಯುಸಿಗೆ ವ್ಯವಹಾರ ಅಧ್ಯಯನ ಕಲಿಸುತ್ತಿದ್ದರು. ಪಠ್ಯಪುಸ್ತಕದ ಕಾರ್ಖಾನೆಗಳನ್ನು ಅಲ್ಲಿನ ಮಕ್ಕಳು ಕಂಡವರಲ್ಲ. ಅದಕ್ಕೇ 2004ರಲ್ಲಿ ಅವರು ತಾವೇ ಒಂದು ಅಭ್ಯಾಸ ಹಾಳೆ ಬರೆದರು. ನಿರ್ವಹಣೆಯ ಐದು ಕಾರ್ಯಗಳನ್ನು ಅದರಲ್ಲಿ ಕಾಫಿ ತೋಟದ ಕೆಲಸದ ಮೂಲಕ ವಿವರಿಸಿದರು: ಕೊಯ್ಲಿಗೆ ಮೊದಲೇ ಯಾವ ತೋಟ ಯಾವ ವಾರ ಎಂದು ಗೊತ್ತುಮಾಡುವುದು ಯೋಜನೆ, ಕೆಲಸ ಹಂಚುವುದು ಸಂಘಟನೆ, ತಕ್ಕ ಆಳುಗಳನ್ನು ಗೊತ್ತುಮಾಡುವುದು ಸಿಬ್ಬಂದಿ ನೇಮಕ, ಅವರಿಗೆ ಹೇಳಿಕೊಟ್ಟು ಹುರಿದುಂಬಿಸುವುದು ನಿರ್ದೇಶನ, ಕೊಯ್ದ ಹಣ್ಣನ್ನು ಗುರಿಯೊಂದಿಗೆ ಹೋಲಿಸಿ ತಪ್ಪು ತಿದ್ದುವುದು ನಿಯಂತ್ರಣ. ಯೋಜನೆ ಅಗತ್ಯಕ್ಕೆ ತಕ್ಕಂತೆ ಬದಲಾಗಬೇಕೆಂಬ ತತ್ವಕ್ಕೆ ಜೀಪು ಓಡಿಸುವ ತಮ್ಮ ತಂದೆಯನ್ನೇ ಉದಾಹರಣೆಯಾಗಿಸಿದರು: ವನಗೂರಿನ ರಸ್ತೆ ಕುಸಿದರೆ ಅಸಾದುಲ್ಲಾ ಬೇರೆ ದಾರಿ ಹಿಡಿಯುತ್ತಾರೆ.

ಹಿರಿಯ ಉಪನ್ಯಾಸಕ ಲೋಕೇಶಪ್ಪ ಅದನ್ನು ಓದಲು ಕೇಳಿದಾಗ ಜಬೀನ್ ಸಂತೋಷದಿಂದ ಕೊಟ್ಟರು. ಕೆಲಸಕ್ಕೆ ಸೇರಿದಾಗ ತಮಗೆ ಪಾಠ ಮಾಡುವುದನ್ನು ಕಲಿಸಿದವರೇ ಅವರು.

ತಿಂಗಳಾದ ಮೇಲೆ ಹಾಸನದಲ್ಲಿ ನಡೆದ ಶಿಕ್ಷಕರ ಶಿಬಿರಕ್ಕೆ ಇಬ್ಬರೂ ಹೋಗಿದ್ದಾಗ, ಶಿಬಿರದವರು ಅದೇ ಹಾಳೆಯನ್ನು ಅಚ್ಚುಮಾಡಿಸಿ ಹಂಚಿದರು. ಮೇಲೆ ಲೋಕೇಶಪ್ಪನವರ ಹೆಸರಿತ್ತು. ಒಳಗೆ ಜಬೀನ್ ಅವರ ಅಪ್ಪನ ಹೆಸರು ಹಾಗೇ ಉಳಿದಿತ್ತು.

ಊಟದ ಹೊತ್ತಿಗೆ ಜಬೀನ್ ಲೋಕೇಶಪ್ಪನವರನ್ನು ಕೇಳಿದರು: "ಸರ್, ಇದು ನಾನು ಬರ್ದಿದ್ದಲ್ವಾ?"

"ಮಕ್ಳಿಗೆ ಉಪಯೋಗ ಆಗ್ತೈತೆ ಕಣಮ್ಮ. ಹೆಸ್ರು ಯಾರ್ದಾದ್ರೇನು?"

"ಹಂಗಾದ್ರೆ ನನ್ ಹೆಸ್ರೇ ಇರ್ಲಿ ಅಂತ ಬಿಡ್ಬೋದಿತ್ತಲ್ಲ ಸರ್."

ಅವರು ತಲೆ ತಗ್ಗಿಸಿ ಅನ್ನ ಕಲಸಿದರು. ಜಬೀನ್ ಮಧ್ಯಾಹ್ನದ ಬಸ್ಸಿಗೇ ಹಿಂತಿರುಗಿದರು. ಮತ್ತೆ ಹನ್ನೆರಡು ವರ್ಷ ಅದೇ ಕಾಲೇಜಿನಲ್ಲಿ ಕಲಿಸಿದರೂ ತಾವು ಬರೆದದ್ದನ್ನು ಸಹೋದ್ಯೋಗಿಗಳ ಕೈಗೆ ಎಂದೂ ಕೊಡಲಿಲ್ಲ.