ಗುರುತಿಲ್ಲದ ನಲವತ್ತೊಂದು ನಕ್ಷೆಗಳು

ನೀರು ಸರಬರಾಜು ಕಚೇರಿಯ ಎರಡನೇ ಮಹಡಿಯಲ್ಲಿ, ಮೆಟ್ಟಿಲು ಮುಗಿದ ಕೂಡಲೇ ಎಡಕ್ಕೆ ಸಿಗುವುದೇ ನಕ್ಷೆ ಕೋಣೆ. ಅಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ಕೂತಿರುವ ಹೆಂಗಸನ್ನು ಎಲ್ಲರೂ ನಕ್ಷೆಯಕ್ಕ ಎಂದೇ ಕರೆಯುತ್ತಿದ್ದರು. ಸೇರಿದಾಗ ಅವಳ ಕೈಯಲ್ಲಿ ಇದ್ದದ್ದು ಶಾಯಿ ಪೆನ್ನು, ಆಮೇಲೆ ಬಂದದ್ದು ಮೌಸು. ಊರಿನ ನೆಲದಡಿಯ ಒಂದೊಂದು ಪೈಪನ್ನೂ ಒಂದೊಂದು ವಾಲ್ವನ್ನೂ ಅವಳು ಎರಡೆರಡು ಸಲ ಗೆರೆ ಎಳೆದು ಕೂರಿಸಿದ್ದಳು.

ಒಂದು ಸೋಮವಾರ ಇಂಜಿನಿಯರ್ ಸಾಹೇಬರು ಬಾಗಿಲಲ್ಲೇ ನಿಂತು, "ಅಮ್ಮಾ, ನಮ್ಮ ಎಲ್ಲಾ ನಕ್ಷೆನೂ ಫೋನಿಗೆ ಹಾಕಬೇಕಂತೆ. ಮೇಸ್ತ್ರಿಗಳು ರಸ್ತೇಲಿ ನಿಂತೇ ನೋಡ್ಕೋಬೇಕು. ಹಳೇ ಅಳತೇಲಿ ಇದ್ರೆ ಆಗಲ್ಲ, ಅಕ್ಷಾಂಶ ರೇಖಾಂಶಕ್ಕೆ ಬದಲಾಯಿಸ್ಬೇಕು. ಫೈಲೂ ಹೊಸ ನಮೂನೇಲಿ ಬೇಕು. ಎರಡು ವಾರ ಸಾಕಲ್ವಾ?" ಎಂದರು.

"ಎಷ್ಟಿವೆ ಗೊತ್ತಾ ಸಾರ್? ಆರುನೂರ ಹನ್ನೆರಡು."

"ನಿಮಗೇನು ಬಿಡಿ, ನೀರು ಕುಡಿದಷ್ಟು ಸುಲಭ."

ಒಂಬತ್ತು ವರ್ಷದ ಹಿಂದೆ ಇಂಥದ್ದೇ ಕೆಲಸ ಬಂದಿತ್ತು. ನಕ್ಷೆ ತೆರೆ, ಹೊಸ ಅಳತೆಪದ್ಧತಿ ಆರಿಸು, ಬೇರೆ ಹೆಸರಲ್ಲಿ ಉಳಿಸು, ಮುಚ್ಚು. ನಾನೂರು ಫೈಲು, ಮೂರು ತಿಂಗಳು. ಆಗ ಊದಿಕೊಂಡ ಬಲಗೈ ಮಣಿಕಟ್ಟು ಇವತ್ತಿಗೂ ಬಟ್ಟೆ ಹಿಂಡಲು ಬಿಡುತ್ತಿರಲಿಲ್ಲ. ಈ ಸಲ ಅದೇ ಗಾಣಕ್ಕೆ ಕತ್ತು ಕೊಡುವುದಿಲ್ಲ ಎಂದು ಅವಳು ಅಂದೇ ನಿರ್ಧರಿಸಿದಳು. ಪೈಥಾನ್ ಎಂಬ ಭಾಷೆಯಲ್ಲಿ ನಾಲ್ಕಾರು ಸಾಲಿನ ಸ್ಕ್ರಿಪ್ಟು ಬರೆದರೆ ಫೋಲ್ಡರಿನಲ್ಲಿರುವ ಎಲ್ಲ ನಕ್ಷೆಗಳನ್ನೂ ಕಂಪ್ಯೂಟರೇ ಒಂದೊಂದಾಗಿ ಎತ್ತಿಕೊಂಡು ಬದಲಾಯಿಸುತ್ತದೆ ಎಂದು ಯಾವುದೋ ವಿಡಿಯೋದಲ್ಲಿ ಕೇಳಿದ್ದಳು. ಊಟದ ಡಬ್ಬಿ ಬದಿಗಿಟ್ಟುಕೊಂಡು ಮಧ್ಯಾಹ್ನ ಮಧ್ಯಾಹ್ನ ಕಲಿತಳು. ಐವತ್ತನಾಲ್ಕರ ತಲೆಗೆ ಅದು ಸಲೀಸಾಗಿ ಹತ್ತಲಿಲ್ಲ. ಒಂದು ಕಡೆ ಎರಡು ಖಾಲಿ ಜಾಗ ಹೆಚ್ಚಾದರೂ ಇಡೀ ಸ್ಕ್ರಿಪ್ಟು ಮುಷ್ಕರ ಹೂಡುತ್ತಿತ್ತು.

ಅವಳ ಗಂಡ ಮೂವತ್ತು ವರ್ಷ ಪ್ರೆಸ್ಸಿನಲ್ಲಿ ಕರಡು ತಿದ್ದಿದವನು. ಅವಳು ಸ್ಕ್ರಿಪ್ಟನ್ನು ಕಾಗದದ ಮೇಲೆ ಅಚ್ಚು ಹಾಕಿ ತಂದರೆ, ಅರ್ಥವಾಗದಿದ್ದರೂ ಕೆಂಪು ಪೆನ್ಸಿಲು ಹಿಡಿದು ಕೂತುಬಿಡುತ್ತಿದ್ದ. "ಇಲ್ಲಿ ಕಂಸ ತೆರೆದಿದ್ದೀಯ, ಮುಚ್ಚೇ ಇಲ್ಲ ಕಣೇ," ಎನ್ನುತ್ತಿದ್ದ. ಹತ್ತರಲ್ಲಿ ಒಂಬತ್ತು ಸಲ ತಪ್ಪು ಅಲ್ಲೇ ಇರುತ್ತಿತ್ತು.

ಒಂಬತ್ತನೇ ದಿನ ಸ್ಕ್ರಿಪ್ಟು ಓಡಿತು. ಹತ್ತೊಂಬತ್ತನೇ ಫೈಲಿಗೆ ಬಂದು ನಿಂತುಬಿಟ್ಟಿತು.

ಆ ಹಳೇ ನಮೂನೆಯಲ್ಲಿ ಒಂದು ನಕ್ಷೆ ಎಂದರೆ ಒಂದೇ ಫೈಲಲ್ಲ, ನಾಲ್ಕು ಒಟ್ಟಿಗಿರಬೇಕು. ಒಂದರಲ್ಲಿ ಗೆರೆಗಳು, ಒಂದರಲ್ಲಿ ಅವುಗಳ ಸೂಚಿ, ಒಂದರಲ್ಲಿ ಹೆಸರು ವಿವರ. ಮತ್ತೊಂದು ಒಂದೇ ಸಾಲಿನ ಪುಟ್ಟ ಫೈಲು. ಈ ಅಂಕಿಗಳು ಯಾವ ಅಳತೆಪದ್ಧತಿಯವು ಎಂದು ಹೇಳುವುದು ಅದೊಂದೇ. ನಲವತ್ತೊಂದು ನಕ್ಷೆಗಳಿಗೆ ಆ ಗುರುತಿನ ಫೈಲು ಕಳೆದುಹೋಗಿತ್ತು. ಎಲ್ಲಿಂದ ಹೊರಟಿದೆಯೋ ಗೊತ್ತಿಲ್ಲದ ನಕ್ಷೆಯನ್ನು ಎಲ್ಲಿಗೆ ಕರೆದೊಯ್ಯುವುದು ಎಂದು ಕಂಪ್ಯೂಟರು ಕೈಚೆಲ್ಲಿತ್ತು.

ಅವಳಿಗೆ ಸಾಕುಸಾಕಾಗಿತ್ತು. ಎರಡು ಸಾಲು ಸೇರಿಸಿದಳು: ಗುರುತು ಇಲ್ಲದಿದ್ದರೆ ಉಳಿದವುಗಳ ಗುರುತೇ ಇದಕ್ಕೂ ಎಂದುಕೊ, ಮುಂದೆ ಹೋಗು.

ಸಂಜೆ ಗಂಡ ಪೆನ್ಸಿಲನ್ನು ಆ ಸಾಲಿನ ಮೇಲೆ ನಿಲ್ಲಿಸಿದ. "ಇದೇನು, ಗೊತ್ತಿಲ್ಲದಿದ್ರೆ ಹೀಗೇ ಅಂದ್ಕೋ ಅಂತಾನಾ?"

"ಹೂಂ ರೀ. ಎಲ್ಲಾ ನಮ್ಮ ಕಚೇರಿದೇ ತಾನೇ? ಅಂಕಿ ನೋಡಿದ್ರೂ ಒಂದೇ ಥರ ಇದೆ."

ಅವನು ಅದರ ಬದಿಗೆ ಸಣ್ಣದೊಂದು ಪ್ರಶ್ನೆಚಿಹ್ನೆ ಹಾಕಿ ಕಾಗದ ಮಡಚಿದ. ಅವಳು ಅದನ್ನು ತೆರೆಯಲಿಲ್ಲ.

ಮರುದಿನ ಆರುನೂರ ಹನ್ನೆರಡೂ ಹನ್ನೊಂದು ನಿಮಿಷದಲ್ಲಿ ಮುಗಿದವು. ಸಾಹೇಬರು ನಾಲ್ಕು ಜನರನ್ನು ಕರೆದು ತೋರಿಸಿದರು. ಅವಳಿಗೆ ಸಂತೋಷಕ್ಕಿಂತ ನಿದ್ದೆ ಬರುತ್ತಿತ್ತು.

ಮೂರನೇ ವಾರ, ಬೆಳಿಗ್ಗೆ ಹತ್ತೂವರೆಗೆ ಪೈಪಿನ ಮೇಸ್ತ್ರಿ ಫೋನು ಮಾಡಿದ. ಹಿಂದೆ ನೀರು ಭೋರೆನ್ನುತ್ತಿತ್ತು.

"ಅಕ್ಕಾ, ದೊಡ್ಡ ಪೈಪು ಒಡೆದಿದೆ. ವಾಲ್ವು ಮುಚ್ಚೋಣ ಅಂದ್ರೆ ಫೋನಲ್ಲಿ ನಿಮ್ಮ ನಕ್ಷೆ ಆಸ್ಪತ್ರೆ ಹಿಂದಿನ ಗಲ್ಲಿ ತೋರಿಸ್ತಿದೆ. ಅಲ್ಲಿ ಅಗೆದ್ವಿ, ಬರೀ ಕಲ್ಲು. ಮುಕ್ಕಾಲು ಗಂಟೆ ಆಯ್ತು!"

ಆ ವಾಲ್ವಿನ ಚುಕ್ಕೆ ಇಟ್ಟವಳು ಅವಳೇ. ಅದು ಗಲ್ಲಿಯಲ್ಲಿ ಅಲ್ಲ, ಅಲ್ಲಿಂದ ಇನ್ನೂರು ಮೀಟರಿನಾಚೆ, ಬೈಂಡಿಂಗ್ ಅಂಗಡಿಯ ಮುಂದಿನ ಪಾದಚಾರಿ ಹಾದಿಯಲ್ಲಿ. ಮಂಡಿ ನೋವನ್ನೂ ಲೆಕ್ಕಿಸದೆ ಮೆಟ್ಟಿಲಿಳಿದು ಓಡಿದಳು. ಅಂಗಡಿಯೊಳಗೆ ನೀರು ಮೊಣಕಾಲುದ್ದ ನಿಂತಿತ್ತು, ಹೊಲಿಯದ ಪುಸ್ತಕದ ಹಾಳೆಗಳು ತೇಲುತ್ತಿದ್ದವು. ನಿಲ್ಲಿಸಿದ್ದ ವ್ಯಾನೊಂದನ್ನು ತಳ್ಳಿಸಿದಳು. ಅದರಡಿಯಲ್ಲಿ ಕಬ್ಬಿಣದ ಮುಚ್ಚಳ. ಮೇಸ್ತ್ರಿ ಅದನ್ನು ತೆಗೆದು ಒಳಗಿನ ವಾಲ್ವನ್ನು ಮೈಭಾರ ಹಾಕಿ ತಿರುಗಿಸಿದ ಮೇಲೆ ನೀರು ನಿಂತಿತು.

ಬೈಂಡಿಂಗಿನವನು ಬೈಯಲಿಲ್ಲ. ಒದ್ದೆ ಹಾಳೆಗಳನ್ನು ಒಂದೊಂದಾಗಿ ಬಿಡಿಸುತ್ತಾ, "ಇದು ಯಾರದ್ದೋ ಸಂಶೋಧನೆ ಅಮ್ಮಾ," ಎಂದ ಅಷ್ಟೆ. ಬೈದಿದ್ದರೆ ಮೇಲಿತ್ತು ಅನಿಸಿತು ಅವಳಿಗೆ.

ತಪ್ಪು ಏನೆಂದು ದಾರಿಯಲ್ಲೇ ಹೊಳೆದಿತ್ತು. ಆ ವಾಲ್ವು ಇದ್ದದ್ದು ಗುರುತು ಕಳೆದ ನಕ್ಷೆಯೊಂದರಲ್ಲಿ, ಅದು ಹಳೇ ಸರ್ವೆಯದು. ಆ ಕಾಲದಲ್ಲಿ ಭೂಮಿಯ ಆಕಾರಕ್ಕೇ ಬೇರೆ ಲೆಕ್ಕ ಹಿಡಿಯುತ್ತಿದ್ದರು. ಅಂಕಿಗಳು ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ, ಆದರೆ ಜಾಗ ಇನ್ನೂರು ಮೀಟರು ಜಾರುತ್ತದೆ. ಡಬ್ಬಿಯ ಮೇಲೆ ಸಕ್ಕರೆ ಎಂದು ಚೀಟಿ ಅಂಟಿಸಿದರೆ ಒಳಗಿನ ಉಪ್ಪು ಸಿಹಿಯಾಗುತ್ತದೆಯೇ? ಅವಳು ತಪ್ಪು ಚೀಟಿ ಅಂಟಿಸಿದ್ದಳು. ಕಂಪ್ಯೂಟರು ಚೀಟಿಯನ್ನು ನಂಬಿ ಲೆಕ್ಕ ಮಾಡಿತ್ತು.

ಒದ್ದೆ ಸೀರೆಯಲ್ಲೇ ಸಾಹೇಬರ ಮುಂದೆ ನಿಂತಳು.

"ಸ್ಕ್ರಿಪ್ಟು ತಪ್ಪು ಮಾಡ್ತಾ?" ಎಂದರು ಅವರು.

"ಇಲ್ಲ ಸಾರ್. ಅದು ಗೊತ್ತಿಲ್ಲ ಅಂತ ನಿಂತಿತ್ತು. ಗೊತ್ತಿದೆ ಅಂತ ಸುಳ್ಳು ಹೇಳಿಸಿದವಳು ನಾನು. ನಲವತ್ತೊಂದು ನಕ್ಷೆನೂ ಈಗಲೇ ಫೋನಿಂದ ತೆಗೆಸಿ."

ಸಾಹೇಬರು ಪೆನ್ನು ತೆಗೆದುಕೊಂಡರು. "ವರದೀಲಿ ನಿಮ್ಮ ಹೆಸರು ಬರುತ್ತೆ."

"ಬರಲಿ ಸಾರ್."

ಮೂಲ ಫೈಲುಗಳನ್ನು ಮುಟ್ಟದೆ, ಬದಲಾದವನ್ನು ಬೇರೆ ಫೋಲ್ಡರಿನಲ್ಲಿ ಇಟ್ಟಿದ್ದಳು. ಹಾಗಾಗಿ ಏನೂ ಕಳೆದಿರಲಿಲ್ಲ. ಮುಂದಿನ ಎಂಟು ದಿನ ನೆಲಮಾಳಿಗೆಯ ಕಪಾಟಿನಿಂದ ಹಳೇ ಕಾಗದದ ನಕ್ಷೆಗಳನ್ನು ಹೊರಗೆಳೆದಳು. ಪ್ರತಿಯೊಂದರ ಅಂಚಿನಲ್ಲೂ ಸರ್ವೆಯವರು ಅಳತೆಪದ್ಧತಿಯನ್ನು ಇರುವೆ ಅಕ್ಷರದಲ್ಲಿ ಬರೆದಿದ್ದರು. ಮೂವತ್ತಮೂರು ಹಳೆಯ ಪದ್ಧತಿಯವು, ಎಂಟು ಉಳಿದವುಗಳಂತೆಯೇ. ಅದನ್ನೆಲ್ಲ ಒಂದು ಪಟ್ಟಿ ಮಾಡಿದಳು. ಹಿಂದಿನ ಆ ಎರಡು ಸಾಲು ಅಳಿಸಿ ಬೇರೆ ಬರೆದಳು: ಗುರುತು ಇಲ್ಲದಿದ್ದರೆ ಪಟ್ಟಿ ನೋಡು, ಪಟ್ಟಿಯಲ್ಲೂ ಇಲ್ಲದಿದ್ದರೆ ಆ ನಕ್ಷೆಯನ್ನು ಬಿಡು, ಬಿಟ್ಟದ್ದನ್ನು ಹೆಸರು ಸಹಿತ ಬರೆದಿಡು.

ಎರಡನೇ ಓಟ ಒಂದೇ ನಿಮಿಷ. ಆದರೂ ಅವಳು ನಂಬಲಿಲ್ಲ. ನಲವತ್ತೊಂದನ್ನೂ ಉಪಗ್ರಹದ ಚಿತ್ರದ ಮೇಲೆ ಹಾಸಿ, ನಕ್ಷೆಯ ಟ್ಯಾಂಕಿನ ಮೂಲೆ ಚಿತ್ರದ ಟ್ಯಾಂಕಿನ ಮೂಲೆಗೆ ಕೂರುತ್ತದೋ ಇಲ್ಲವೋ ಎಂದು ಕಣ್ಣಿಂದ ನೋಡಿದಳು. ಮೇಸ್ತ್ರಿಯನ್ನು ಕರೆದುಕೊಂಡು ಆರು ವಾಲ್ವುಗಳ ಹತ್ತಿರ ನಡೆದೇ ಹೋದಳು. ಆರನೆಯದರ ಮುಚ್ಚಳ ತುಳಿದು ಮೇಸ್ತ್ರಿ, "ಈಗ ಸರಿ ಅಕ್ಕಾ, ಕಾಲ ಕೆಳಗೇ ಇದೆ," ಎಂದ.

ತಿಂಗಳ ಕೊನೆಗೆ ಸಾಹೇಬರು ಮತ್ತೆ ಬಾಗಿಲಲ್ಲಿ ನಿಂತರು. ಒಳಚರಂಡಿ ವಿಭಾಗದ್ದು ಸಾವಿರದ ನೂರ ನಲವತ್ತು ಫೈಲುಗಳಂತೆ. "ಹನ್ನೊಂದು ನಿಮಿಷದ ಕೆಲಸ ಅಂತ ಅವರಿಗೆ ಹೇಳಿಬಿಟ್ಟಿದ್ದೀನಿ ಅಮ್ಮಾ," ಎಂದು ಹಲ್ಲು ಕಿರಿದರು.

"ಎಷ್ಟಕ್ಕೆ ಗುರುತಿಲ್ಲ ಅಂತ ಮೊದಲು ಎಣಿಸ್ತೀನಿ ಸಾರ್. ದಿನ ಎಷ್ಟು ಅಂತ ಆಮೇಲೆ ಹೇಳ್ತೀನಿ."

"ಸುಮಾರಾಗಿ?"

"ಸುಮಾರಾಗಿ ಏನೂ ಹೇಳಲ್ಲ."

ಅವರು ಹೋದ ಮೇಲೆ ಕುರ್ಚಿಗೆ ಒರಗಿದಳು. ಕಣ್ಣು ಉರಿಯುತ್ತಿತ್ತು. ಐದು ನಿಮಿಷ ಹಾಗೇ ಕೂತಿದ್ದು, ಎದ್ದು ಮುಖ ತೊಳೆದುಕೊಂಡು ಬಂದು, ಹೊಸ ಫೋಲ್ಡರು ತೆರೆದಳು.