ಚೆಂದದ ಅಕ್ಷರದ ರಾಜೀನಾಮೆ

ನನ್ನ ಅಕ್ಷರ ಚೆಂದ ಎಂಬ ಸೊಕ್ಕು ನನಗೆ ಮೊದಲಿನಿಂದಲೂ ಇತ್ತು. ಅಥಣಿ ಕಡೆಯ ಸಕ್ಕರೆ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಕಬ್ಬಿನ ಗಾಡಿ ತೂಗುವ ಕಾಟಾದಲ್ಲಿ ಕುಳಿತು ಚೀಟಿ ಬರೆದವನು ನಾನು. ಕಾರ್ಖಾನೆಯವರು ಸ್ವಯಂ ನಿವೃತ್ತಿ ಯೋಜನೆ ತಂದರು. ನನಗೆ ಪರಿಹಾರ ನಾಲ್ಕು ಲಕ್ಷ ಎಂಬತ್ತು ಸಾವಿರ. ಮನೆಯಲ್ಲಿ ಆಗಲೇ ನಾಲ್ಕು ಎಮ್ಮೆಗೆ ಕೊಟ್ಟಿಗೆಯ ಅಳತೆ ಹಾಕಿದ್ದರು. ನಾನು ದುಂಡಗೆ ಬರೆದು ಕೊಟ್ಟೆ: "ಇಂದಿನಿಂದಲೇ ನನ್ನ ರಾಜೀನಾಮೆಯನ್ನು ಸ್ವೀಕರಿಸಬೇಕಾಗಿ ವಿನಂತಿ."

ಯೋಜನೆಯ ಕೊನೆಯ ದಿನ ಲೆಕ್ಕದ ಸಾಹೇಬರು ಕರೆದು ಅಂತಿಮ ಲೆಕ್ಕದ ಹಾಳೆ ಮುಂದಿಟ್ಟರು. ಗ್ರಾಚ್ಯುಟಿ, ರಜೆ ಪಗಾರ ಜಮೆ. ನೋಟಿಸ್ ಕೊಡದೆ ಬಿಟ್ಟಿದ್ದಕ್ಕೆ ಒಂದು ತಿಂಗಳ ಪಗಾರ ಕಡಿತ. ಪರಿಹಾರದ ಸಾಲಿನಲ್ಲಿ ಬರೀ ಗೀಟು.

"ಇದೇನ್ರಿ ಸಾಹೇಬ್ರ, ನನ್ನ ಪರಿಹಾರ ಎಲ್ಲಿ?"

"ರಾಜೀನಾಮೆ ಕೊಟ್ಟವ್ರಿಗೆ ಎಲ್ಲಿ ಪರಿಹಾರ್ರಿ?"

"ಅಯ್ಯ, ನಮ್ಮ ಕಡೆ ಎಲ್ಲಾರೂ ನೌಕರಿ ಬಿಡೂದಕ್ಕ ರಾಜೀನಾಮೆ ಅಂತನ ಅಂತಾರಲ್ರಿ!"

"ಮಂದಿ ಅಂತಾರ. ನಿಮ್ಮ ಅಕ್ಷರ ಭಾಳ ಸ್ವಚ್ಛ ಅದಾವ್ರಿ, ಬ್ಯಾರೆ ಏನೂ ಓದಾಕ ಬರಂಗಿಲ್ಲ."

ಆ ಅಕ್ಷರಕ್ಕಿಷ್ಟು ಬೆಂಕಿ ಹಾಕ! ಪುಣ್ಯಕ್ಕೆ ರಾಜೀನಾಮೆಗೆ ಮ್ಯಾನೇಜರ್ ಇನ್ನೂ ಸಹಿ ಹಾಕಿರಲಿಲ್ಲ. ನೌಕರಿ ಬಿಡುವುದಿಲ್ಲ, ರಾಜೀನಾಮೆ ವಾಪಸ್ ಎಂದು ಒಂದು ಅರ್ಜಿ, ಯೋಜನೆಯ ಹೆಸರು ಹಾಕಿ ನೌಕರಿ ಬಿಡುತ್ತೇನೆ ಎಂದು ಇನ್ನೊಂದು ಅರ್ಜಿ, ಎರಡನ್ನೂ ಅಲ್ಲೇ ಕುಳಿತು ಬರೆದೆ. ಸಾಹೇಬರು ನಗದೆ ಎರಡಕ್ಕೂ ಠಪ್ಪ ಠಪ್ಪ ಎಂದು ಶಿಕ್ಕಾ ಹೊಡೆದರು.

"ಈಗ ನೋಟಿಸ್ ಕಡಿತ ಇಲ್ಲ. ಪರಿಹಾರ ಐದು ಲಕ್ಷದೊಳಗ ಐತಿ, ಟ್ಯಾಕ್ಸೂ ಬೀಳಂಗಿಲ್ಲ. ಆದ್ರ ನಿಮ್ಮ ಜಾಗಾಕ್ಕ ಮತ್ತ ಯಾರನ್ನೂ ತೊಗೊಳ್ಳಂಗಿಲ್ಲ, ಟ್ಯಾಕ್ಸ್ ಮಾಫಿಗೆ ಹಂಗಂತ ಕಾಯ್ದೆ ಐತ್ರಿ."

ತಿಂಗಳಾದ ಮೇಲೆ ಚೆಕ್ ಕೊಡಲು ಕರೆದರು. ಸಾಹೇಬರು ಬರುವ ತನಕ ಕಾಟಾದ ಕೋಣೆಗೆ ಹೋಗಿ ರೂಢಿಯಂತೆ ನನ್ನ ಖುರ್ಚಿಯಲ್ಲಿ ಕುಳಿತೆ. ಪಕ್ಕದಲ್ಲಿ ಕಂಪ್ಯೂಟರ್ ತಾನೇ ಚೀಟಿ ಉಗುಳುತ್ತಿತ್ತು. ಸಾಹೇಬರು ಬಾಗಿಲಿಂದಲೇ ಕೂಗಿದರು:

"ಏಳ್ರಿ, ಏಳ್ರಿ! ಅಲ್ಲಿ ಯಾರೂ ಕುಂಡ್ರಬಾರದು! ಜಾಗಾ ಖಾಲಿ ಅಂತ ಬರಕೊಟ್ಟೇನಿ!"

"ನಾನ ಅದೀನ್ರಿ. ನನ್ನ ಖುರ್ಚಿ ಇದು."

"ನೀವು ಅಂತೂ ಕುಂಡ್ರಾಕ ಬ್ಯಾಡ್ರಿ! ಟ್ಯಾಕ್ಸಿನವ್ರು ನೋಡಿದ್ರ?"

ಟ್ಯಾಕ್ಸಿನವರು ಕಾಟಾ ನೋಡಲು ಯಾಕೆ ಬರುತ್ತಾರೆ? ಆದರೂ ಎದ್ದೆ. ಇಪ್ಪತ್ತೆರಡು ವರ್ಷ, ಯಾರಾದರೂ ನನ್ನ ಜಾಗ ಕಸಿದುಕೊಂಡಾರು ಎಂದು ಹೆದರಿದ್ದೆ. ಈಗ ಯಾರೂ ಬರುವುದಿಲ್ಲ ಎಂದು ಗೊತ್ತಾಗಿ ಖುರ್ಚಿಯನ್ನು ಮೇಜಿನ ಕೆಳಗೆ ತಳ್ಳಿ ಹೊರಗೆ ಬಂದೆ.

ಚೆಕ್ ಮುಟ್ಟಿದ್ದಕ್ಕೆ ನಿಂತುಕೊಂಡೇ ಸಹಿ ಹಾಕಿದೆ. ಸಾಹೇಬರು ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ಕೇಳಿದರು:

"ಇದು ನಿಮ್ಮ ಅಕ್ಷರನ ಏನ್ರಿ?"